ಏಳು ಗ್ರಾಂ ಹಾಕಿ ಒಂಬತ್ತು ಗ್ರಾಂ ತೆಗೆಯುವ ಲೆಕ್ಕ

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಆಸ್ಪಿರಿನ್ ಮಾಡುವ ದಿನ ಹುಡುಗರಿಗೆ ಸ್ವಲ್ಪ ಉತ್ಸಾಹ ಹೆಚ್ಚು. ಹೆಸರು ಕೇಳಿ ಗೊತ್ತಿರುವ ಮಾತ್ರೆ, ಅದನ್ನು ಕೈಯಾರೆ ಮಾಡುವುದೆಂದರೆ ಸುಮ್ಮನೆಯೇ? ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಒಮ್ಮೆ, ಕೆಲಸ ಮುಗಿದ ಮೇಲೆ ಒಬ್ಬ ಹುಡುಗಿ ರೆಕಾರ್ಡ್ ಪುಸ್ತಕ ಹಿಡಿದು ಸಪ್ಪೆ ಮೋರೆ ಹಾಕಿಕೊಂಡು ಬಂದಳು. "ಸರ್, ಇಳುವರಿ ಬರೀ ಇಪ್ಪತ್ತು ಪರ್ಸೆಂಟ್ ಬಂದಿದೆ. ಮತ್ತೆ ಮಾಡ್ಲಾ?"

ಅವಳ ವಾಚ್‌ಗ್ಲಾಸಿನ ಮೇಲಿದ್ದ ಹರಳುಗಳನ್ನು ನೋಡಿದೆ. ಬೆಳ್ಳಗೆ, ಸೂಜಿಸೂಜಿಯಾಗಿ, ಚೆನ್ನಾಗಿ ಒಣಗಿದ್ದವು. ತೂಕ 1.9 ಗ್ರಾಂ. ಎರಡು ಗ್ರಾಂ ಸ್ಯಾಲಿಸಿಲಿಕ್ ಆಮ್ಲದಿಂದ ಮೊದಲ ಸಲಕ್ಕೆ ಇಷ್ಟು ತೆಗೆದವಳು ಬೇಸರ ಮಾಡಿಕೊಳ್ಳಬೇಕಾದ್ದೇ ಇರಲಿಲ್ಲ. ಕೈ ಸರಿಯಾಗಿಯೇ ಕೆಲಸ ಮಾಡಿತ್ತು, ತಪ್ಪಿದ್ದು ಪೆನ್ನು.

ಅವಳು ಮಾಡಿದ್ದು ಇಷ್ಟು. ಶಂಕುವಿನಾಕಾರದ ಫ್ಲಾಸ್ಕಿಗೆ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ ಹಾಕಿ, ಅದರ ಮೇಲೆ 5 ಮಿಲಿಲೀಟರ್ ಅಸಿಟಿಕ್ ಅನ್‌ಹೈಡ್ರೈಡ್ ಸುರಿದು, ನಾಲ್ಕೈದು ತೊಟ್ಟು ಸಾಂದ್ರ ಗಂಧಕಾಮ್ಲ ಬಿಟ್ಟು, ಬಿಸಿನೀರಿನಲ್ಲಿ ಕಾಲು ಗಂಟೆ ಇಟ್ಟಿದ್ದಳು. ಆಮೇಲೆ ತಣ್ಣೀರು ಸೇರಿಸಿ, ಹರಳು ಬಿದ್ದ ಮೇಲೆ ಸೋಸಿದ್ದಳು. ಗಂಧಕಾಮ್ಲ ಇಲ್ಲಿ ಕ್ರಿಯೆಯನ್ನು ಚುರುಕು ಮಾಡುವುದಕ್ಕಷ್ಟೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಮಿಕ್ಕ ಎರಡರಲ್ಲಿ ಒಂದು ಅಣು ಇದು, ಒಂದು ಅಣು ಅದು ಸೇರಿದರೆ ಒಂದು ಅಣು ಆಸ್ಪಿರಿನ್, ಜೊತೆಗೆ ಒಂದು ಅಣು ಅಸಿಟಿಕ್ ಆಮ್ಲ.

ಇಳುವರಿ ಎಂದರೆ, ಹೆಚ್ಚೆಂದರೆ ಎಷ್ಟು ಸಿಗಬಹುದಿತ್ತೋ ಅದರಿಂದ ಸಿಕ್ಕಿದ್ದನ್ನು ಭಾಗಿಸಿ ನೂರರಿಂದ ಗುಣಿಸುವುದು. ಎಲ್ಲ ಯಡವಟ್ಟೂ ಆ "ಹೆಚ್ಚೆಂದರೆ ಎಷ್ಟು" ಎಂಬಲ್ಲಿದೆ. ಸ್ಯಾಲಿಸಿಲಿಕ್ ಆಮ್ಲದ ಒಂದು ಮೋಲ್ 138 ಗ್ರಾಂ ತೂಗುತ್ತದೆ. ಹಾಗಾಗಿ 2 ಗ್ರಾಂ ಎಂದರೆ 0.0145 ಮೋಲ್. ಅನ್‌ಹೈಡ್ರೈಡ್ ದ್ರವ, ಅದರ ಒಂದು ಮಿಲಿಲೀಟರ್ 1.08 ಗ್ರಾಂ ತೂಗುತ್ತದೆ. 5 ಮಿಲಿಲೀಟರಿಗೆ 5.4 ಗ್ರಾಂ. ಅದರ ಮೋಲ್ 102 ಗ್ರಾಂ, ಅಂದರೆ ಫ್ಲಾಸ್ಕಿನಲ್ಲಿ 0.053 ಮೋಲ್ ಇತ್ತು. ಹುಡುಗಿ ಇಲ್ಲಿಯವರೆಗೆ ಒಂದು ಅಂಕಿಯನ್ನೂ ತಪ್ಪಿರಲಿಲ್ಲ. ಆದರೆ ಪುಟದಲ್ಲಿ ಕೊನೆಗೆ ಬಂದ ಸಂಖ್ಯೆ 0.053. ಅದನ್ನೇ ಎತ್ತಿಕೊಂಡು ಆಸ್ಪಿರಿನ್ನಿನ 180ರಿಂದ ಗುಣಿಸಿದ್ದಳು. ಬಂದದ್ದು 9.5 ಗ್ರಾಂ. 1.9ನ್ನು 9.5ರಿಂದ ಭಾಗಿಸಿದರೆ ಇಪ್ಪತ್ತು ಪರ್ಸೆಂಟ್.

"ಫ್ಲಾಸ್ಕಿಗೆ ಒಟ್ಟು ಎಷ್ಟು ಗ್ರಾಂ ಹಾಕಿದೆ?" ಎಂದು ಕೇಳಿದೆ. "ಎರಡು, ಮತ್ತೆ ಐದೂ ನಾಲ್ಕು. ಏಳೂ ನಾಲ್ಕು ಸರ್." "ಏಳೂ ನಾಲ್ಕು ಹಾಕಿ ಒಂಬತ್ತೂವರೆ ತೆಗೆಯೋದು ಹೇಗಮ್ಮ?" ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ನಕ್ಕಳು.

ಸ್ಯಾಲಿಸಿಲಿಕ್ ಆಮ್ಲದ 0.0145ರಿಂದ ಲೆಕ್ಕ ಹಾಕಿದರೆ ಹೆಚ್ಚೆಂದರೆ 2.6 ಗ್ರಾಂ ಆಸ್ಪಿರಿನ್. ಅವಳ 1.9ಕ್ಕೆ ಇಳುವರಿ 73 ಪರ್ಸೆಂಟ್. ಮತ್ತೆ ಮಾಡುವುದೇನೂ ಬೇಕಿರಲಿಲ್ಲ.

ಮೊದಲು ಮುಗಿಯುವ ವಸ್ತುವಿಗೆ ತರಗತಿಯಲ್ಲಿ ಎಲ್ಲರೂ ಹೇಳುವುದು ಲಿಮಿಟಿಂಗ್ ರಿಯೇಜೆಂಟ್ ಎಂದೇ. ಅದು ಯಾವುದೆಂದು ಹುಡುಕುವ ಹದ ಮನೆಯಲ್ಲೇ ಎಲ್ಲರಿಗೂ ಗೊತ್ತಿದೆ. ಅರಿಸಿನ ಕುಂಕುಮಕ್ಕೆ ಬಂದವರಿಗೆ ಎರಡೆರಡು ವೀಳ್ಯದೆಲೆ, ಒಂದೊಂದು ಅಡಿಕೆ ಕೊಡಬೇಕು ಎನ್ನಿ. ತಟ್ಟೆಯಲ್ಲಿ 24 ಎಲೆ, 16 ಅಡಿಕೆ ಇವೆ. ಎಣಿಸಿದರೆ ಅಡಿಕೆಯೇ ಕಡಿಮೆ. ಆದರೂ ಹನ್ನೆರಡನೆಯವರಿಗೆ ಕೊಟ್ಟಾಗ ಎಲೆ ಖಾಲಿ, ನಾಲ್ಕು ಅಡಿಕೆ ಹಾಗೇ ಉಳಿಯುತ್ತವೆ. ಮನೆಯ ಯಜಮಾನಿ ಎಲೆಯನ್ನು ಎರಡರಿಂದ ಭಾಗಿಸಿ ಹನ್ನೆರಡು, ಅಡಿಕೆಯನ್ನು ಒಂದರಿಂದ ಭಾಗಿಸಿ ಹದಿನಾರು ಎಂದು ಮನಸ್ಸಿನಲ್ಲೇ ನೋಡಿ, ಚಿಕ್ಕದನ್ನು ಹಿಡಿಯುತ್ತಾಳೆ. ಅಂಗಡಿಯಿಂದ ತರುವಾಗ ಅಡಿಕೆ ತೂಕದ ಲೆಕ್ಕದಲ್ಲಿ, ಎಲೆ ಕಟ್ಟಿನ ಲೆಕ್ಕದಲ್ಲಿ ಬರುವುದರಿಂದ ಮೊದಲು ಎರಡನ್ನೂ ಎಣಿಕೆಗೆ ತರಬೇಕು. ರಸಾಯನಶಾಸ್ತ್ರದಲ್ಲಿ ಗ್ರಾಮನ್ನು ಮೋಲ್ ಮಾಡುವುದೂ ಅದಕ್ಕೇ.

ಆಸ್ಪಿರಿನ್ನಿನಲ್ಲಿ ಒಂದಕ್ಕೆ ಒಂದು, ಹಾಗಾಗಿ ಮೋಲ್ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ. ಎಲೆ ಅಡಿಕೆಯ ತರಹದ ಪ್ರಮಾಣ ಬಂದಾಗ ಕಷ್ಟ ಶುರು. ಸಾರಜನಕ, ಜಲಜನಕ ಸೇರಿ ಅಮೋನಿಯಾ ಆಗುವುದು ಪಿಯುಸಿಯಲ್ಲಿ ಓದಿದವರಿಗೆಲ್ಲ ನೆನಪಿರುತ್ತದೆ:

N₂ + 3H₂ → 2NH₃

70 ಗ್ರಾಂ ಸಾರಜನಕ, 12 ಗ್ರಾಂ ಜಲಜನಕ ಕೊಟ್ಟಿದ್ದಾರೆ ಎಂದುಕೊಳ್ಳಿ. ಸಾರಜನಕ 28ಕ್ಕೆ ಒಂದು ಮೋಲ್, ಆದ್ದರಿಂದ ಎರಡೂವರೆ ಮೋಲ್. ಜಲಜನಕ 2ಕ್ಕೆ ಒಂದು, ಆರು ಮೋಲ್. ಎರಡೂವರೆ, ಆರು: ಚಿಕ್ಕದು ಎರಡೂವರೆ, ಸರಿ, ಸಾರಜನಕವೇ ಮೊದಲು ಮುಗಿಯುತ್ತದೆ ಎಂದು ಅರ್ಧ ತರಗತಿ ಬರೆಯುತ್ತದೆ. ಒಂದು ಸಾರಜನಕಕ್ಕೆ ಎರಡು ಅಮೋನಿಯಾ, ಹಾಗಾದರೆ ಐದು ಮೋಲ್, ತಲಾ 17 ಗ್ರಾಂನಂತೆ 85 ಗ್ರಾಂ. ಹಾಕಿದ್ದು 70 ಮತ್ತು 12, ಒಟ್ಟು 82. ಮೂರು ಗ್ರಾಂ ಗಾಳಿಯಿಂದ ಬಂತೇ?

ಎರಡೂವರೆ ಮೋಲ್ ಸಾರಜನಕಕ್ಕೆ ಏಳೂವರೆ ಮೋಲ್ ಜಲಜನಕ ಬೇಕು, ಇರುವುದು ಆರು. ಸಮೀಕರಣದ ಗುಣಾಂಕದಿಂದ ಭಾಗಿಸಿ ನೋಡಿದರೆ ಸಾರಜನಕ 2.5, ಜಲಜನಕ 6ನ್ನು 3ರಿಂದ ಭಾಗಿಸಿ 2. ಚಿಕ್ಕದು ಜಲಜನಕದ್ದು. ಅದರಿಂದ ನಾಲ್ಕು ಮೋಲ್ ಅಮೋನಿಯಾ, 68 ಗ್ರಾಂ. ಅರ್ಧ ಮೋಲ್ ಸಾರಜನಕ, ಅಂದರೆ 14 ಗ್ರಾಂ ಉಳಿಯುತ್ತದೆ. 68ಕ್ಕೆ 14 ಸೇರಿಸಿ, 82. ತಕ್ಕಡಿ ಸಮ.

ಇದೇ ಲೆಕ್ಕಕ್ಕೆ ಇನ್ನೊಬ್ಬ ಹುಡುಗ ಮೋಲಿನ ಗೋಜಿಗೇ ಹೋಗದೆ, 70ಕ್ಕಿಂತ 12 ಕಡಿಮೆ, ಅದಕ್ಕೇ ಜಲಜನಕ ಎಂದು ಬರೆದು ಪೂರ್ತಿ ಅಂಕ ತೆಗೆದುಕೊಂಡುಬಿಡುತ್ತಾನೆ. ಇಂಥ ಸರಿ ಉತ್ತರದ ಮೇಲೆ ನನಗೆ ತಪ್ಪು ಉತ್ತರಕ್ಕಿಂತ ಹೆಚ್ಚು ಅನುಮಾನ. ಅವನಿಗೆ 28 ಗ್ರಾಂ ಸಾರಜನಕ, 8 ಗ್ರಾಂ ಜಲಜನಕ ಕೊಟ್ಟು ನೋಡಿ. ಆಗಲೂ ಕಡಿಮೆ ತೂಕದ್ದು ಎಂದು ಜಲಜನಕವನ್ನೇ ಹಿಡಿದು 45 ಗ್ರಾಂ ಅಮೋನಿಯಾ ಎನ್ನುತ್ತಾನೆ. ಹಾಕಿದ್ದು ಒಟ್ಟು 36. ಇಲ್ಲಿ ಮೊದಲು ಮುಗಿಯುವುದು ಸಾರಜನಕ, ಸಿಗುವುದು 34 ಗ್ರಾಂ.

ಗಮನಿಸಿ, ಮೂರು ಕಡೆಯೂ ತಪ್ಪು ಉತ್ತರ ಹಾಕಿದ ತೂಕವನ್ನು ಮೀರಿತು. ಇದು ಕಾಕತಾಳೀಯವಲ್ಲ. ಮಿಕ್ಕುವ ವಸ್ತುವನ್ನು ಹಿಡಿದು ಲೆಕ್ಕ ಹಾಕಿದಾಗ ಅದೆಲ್ಲ ಪೂರ್ತಿ ಖರ್ಚಾಯಿತು ಎಂದು ಒಪ್ಪಿಕೊಂಡಂತಾಯಿತು. ಅದು ಪೂರ್ತಿ ಖರ್ಚಾಗಬೇಕಾದರೆ ಇನ್ನೊಂದು ವಸ್ತು ಇರುವುದಕ್ಕಿಂತ ಹೆಚ್ಚು ಬೇಕು. ಆ ಇಲ್ಲದ ಪಾಲನ್ನು ನಾವು ಗೊತ್ತಿಲ್ಲದೆ ಸಾಲ ತಂದಿರುತ್ತೇವೆ, ಅದೇ ಉತ್ಪನ್ನದ ತೂಕದಲ್ಲಿ ಹೊರಗೆ ಬರುತ್ತದೆ. ಅಮೋನಿಯಾದ ಮೊದಲ ಲೆಕ್ಕದಲ್ಲಿ ಕೊರತೆಯಿದ್ದ ಜಲಜನಕ ಒಂದೂವರೆ ಮೋಲ್, ಅಂದರೆ ಸರಿಯಾಗಿ 3 ಗ್ರಾಂ. 85ಕ್ಕೂ 82ಕ್ಕೂ ಇದ್ದ ಅಂತರ ಅದೇ. ಹಾಗಾಗಿ ತಪ್ಪು ವಸ್ತು ಹಿಡಿದವನ ಉತ್ತರ ಎಂದೂ ಕಡಿಮೆ ಬರುವುದಿಲ್ಲ, ಹೆಚ್ಚೇ ಬರುತ್ತದೆ. ಎರಡೂ ವಸ್ತುಗಳಿಂದ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಚಿಕ್ಕ ಉತ್ತರ ಇಟ್ಟುಕೊಳ್ಳಿ ಎಂದು ಮೇಷ್ಟರು ಹೇಳುವುದು ಇದಕ್ಕೇ.

ತೂಕ ನೋಡುವ ಈ ಪರೀಕ್ಷೆಗೆ ಒಂದು ಷರತ್ತಿದೆ. ಕ್ರಿಯೆಯಿಂದ ಹೊರಬರುವ ಎಲ್ಲ ವಸ್ತುಗಳನ್ನೂ ತಕ್ಕಡಿಗೆ ಹಾಕಬೇಕು. ರೈಲು ಕಂಬಿಗಳನ್ನು ಹಳಿಯ ಮೇಲೇ ಬೆಸೆಯುವಾಗ ಬಳಸುವ ಥರ್ಮೈಟ್ ನೋಡಿ. ಕಬ್ಬಿಣದ ಆಕ್ಸೈಡಿನ ಪುಡಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿ ಹೊತ್ತಿಸಿದರೆ ಕರಗಿದ ಕಬ್ಬಿಣ ಕೆಳಗಿಳಿದು ಕಂಬಿಯ ಸಂದನ್ನು ತುಂಬುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಮೇಲೆ ಕಿಟ್ಟವಾಗಿ ತೇಲುತ್ತದೆ.

Fe₂O₃ + 2Al → 2Fe + Al₂O₃

ಆಕ್ಸೈಡ್ 160 ಗ್ರಾಂ, ಅಲ್ಯೂಮಿನಿಯಂ 40 ಗ್ರಾಂ, ಒಟ್ಟು 200 ಇದೆಯೆನ್ನಿ. ಆಕ್ಸೈಡ್ ಒಂದು ಮೋಲ್ ಇದೆ, ಅದಕ್ಕೆ ಎರಡು ಕಬ್ಬಿಣ, 112 ಗ್ರಾಂ ಎಂದು ಒಬ್ಬ ಬರೆದ. 112 ಎಂಬುದು 200ರ ಒಳಗೇ ಇದೆ, ಯಾರಿಗೂ ಅನುಮಾನ ಬರುವುದಿಲ್ಲ. ಕಿಟ್ಟವನ್ನೂ ತೂಗಿ: 102 ಗ್ರಾಂ. ಎರಡೂ ಸೇರಿ 214. ಕಳ್ಳ ಸಿಕ್ಕಿಬಿದ್ದ. ಆಕ್ಸೈಡ್ ಪೂರ್ತಿ ಖರ್ಚಾಗಲು 54 ಗ್ರಾಂ ಅಲ್ಯೂಮಿನಿಯಂ ಬೇಕಿತ್ತು, ಕೊರತೆ 14. ಇರುವ 40 ಗ್ರಾಂಗೆ ಸಿಗುವ ಕಬ್ಬಿಣ ಸುಮಾರು 83 ಗ್ರಾಂ ಅಷ್ಟೆ.

ಹಾಗೆಂದು ಮಿಕ್ಕುವಷ್ಟು ಹಾಕುವುದೇ ತಪ್ಪೆಂದಲ್ಲ. ಆಸ್ಪಿರಿನ್ನಿಗೆ ಅನ್‌ಹೈಡ್ರೈಡನ್ನು ಮೂರೂವರೆ ಪಟ್ಟಿಗಿಂತ ಹೆಚ್ಚು ಸುರಿಯುವುದು ಬೇಕೆಂದೇ. ಪುಡಿಯನ್ನು ಕರಗಿಸುವ ದ್ರವವೂ ಅದೇ. ಉಳಿದದ್ದು ತಣ್ಣೀರು ಹಾಕಿದ ಕೂಡಲೇ ಅಸಿಟಿಕ್ ಆಮ್ಲವಾಗಿ ನೀರಿನ ಜೊತೆ ಸೋಸುಕಾಗದದ ಕೆಳಗೆ ಹೋಗಿಬಿಡುತ್ತದೆ. ತಿರುಗಾಮುರುಗಾ ಮಾಡಿ ಸ್ಯಾಲಿಸಿಲಿಕ್ ಆಮ್ಲ ಮಿಗುವಂತೆ ಮಾಡಿದರೆ ಫಜೀತಿ. ಅದೂ ತಣ್ಣೀರಿನಲ್ಲಿ ಸರಿಯಾಗಿ ಕರಗದೆ ಆಸ್ಪಿರಿನ್ ಹರಳುಗಳ ಜೊತೆಗೇ ಕೂರುತ್ತದೆ. ಚಿಟಿಕೆ ಹರಳಿಗೆ ಒಂದು ತೊಟ್ಟು ಫೆರಿಕ್ ಕ್ಲೋರೈಡ್ ಬಿಟ್ಟಾಗ ನೇರಳೆ ಬಣ್ಣ ಬಂದರೆ ಅದು ಉಳಿದಿದೆ ಎಂದರ್ಥ. ಯಾವುದು ಮೊದಲು ಮುಗಿಯಬೇಕು ಎಂಬುದನ್ನು ಹೀಗೆ ಪ್ರಯೋಗ ಮಾಡುವವರೇ ಮೊದಲು ನಿಶ್ಚಯಿಸಿರುತ್ತಾರೆ.

ಆ ದಿನ ಅದೇ ಬೆಂಚಿನಲ್ಲಿದ್ದ ಇನ್ನೊಬ್ಬ ಹುಡುಗನ ರೆಕಾರ್ಡನ್ನೂ ತೆರೆಸಿದೆ. ಅವನೂ ಅದೇ 9.5ರಿಂದ ಭಾಗಿಸಿದ್ದ. ಅವನ ಹರಳು 2.9 ಗ್ರಾಂ, ಇಳುವರಿ 30 ಪರ್ಸೆಂಟ್ ಎಂದು ಬರೆದು, ಪಕ್ಕದವಳಿಗಿಂತ ತನ್ನದು ಜಾಸ್ತಿ ಎಂದು ಬೀಗುತ್ತಿದ್ದ. 2.6ರಿಂದ ಭಾಗಿಸು ಎಂದೆ. ನೂರಾ ಹನ್ನೊಂದು ಬಂತು. "ಸರ್, ನೂರರ ಮೇಲೆ ಹೋಯ್ತು" ಎಂದು ಕಕ್ಕಾಬಿಕ್ಕಿಯಾದ. ಸೋಸುಕಾಗದವನ್ನು ಬೆರಳಿನಿಂದ ಒತ್ತಿ ತೋರಿಸಿದೆ, ಒದ್ದೆ ಮೂಡಿತು. ಅವನು ನೀರನ್ನೂ ಸೇರಿಸಿ ತೂಗಿದ್ದ. ಮೂವತ್ತು ಎಂಬ ಸಂಖ್ಯೆ ಅದನ್ನು ಮುಚ್ಚಿಟ್ಟಿತ್ತು. ರಾತ್ರಿಯೆಲ್ಲ ಒಣಗಲು ಬಿಟ್ಟು ಮರುದಿನ ತೂಗಿದಾಗ 2.1 ಗ್ರಾಂ ಇತ್ತು.