ಕೊರಿಯನ್ನರಿಗೆ ಬರೆಯುವ ಮೊದಲ ಸಂದೇಶ

ಹಲೋಟಾಕ್, ಟ್ಯಾಂಡಮ್‌ನಂಥ ಆ್ಯಪ್‌ಗಳಲ್ಲಿ ಕೊರಿಯನ್ ಕಲಿಯುವವರು ಕಳಿಸುವ ಮೊದಲ ಸಂದೇಶ ಸಾಮಾನ್ಯವಾಗಿ ಒಂದೇ ಅಚ್ಚಿನದು. ‘ನಮಸ್ಕಾರ. ನನ್ನ ಹೆಸರು ಇಂಥದ್ದು. ನಾನು ಭಾರತದವಳು. ಕೊರಿಯಾ ಅಂದರೆ ನನಗೆ ತುಂಬ ಇಷ್ಟ. ನಿಮ್ಮ ಸ್ನೇಹ ಬೇಕು.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿದವರಿಗೆ ಉತ್ತರ ಬರೆಯಲು ಇದರಲ್ಲಿ ಏನೂ ಸಿಗುವುದಿಲ್ಲ. ಸೌಜನ್ಯಕ್ಕೆ ‘ನೆ, ಬನ್‌ಗಾವೊಯೊ’ (ಹೌದು, ಪರಿಚಯವಾಗಿ ಸಂತೋಷ) ಎಂದು ಬರೆದು ಸುಮ್ಮನಾಗುತ್ತಾರೆ. ಅಂಥ ಉತ್ತರ ಬಂದು ಮಾತು ನಿಂತುಹೋದರೆ ತಪ್ಪಿರುವುದು ನಿಮ್ಮ ಕೊರಿಯನ್ನಿನಲ್ಲಲ್ಲ, ಸಂದೇಶದ ಹುರುಳಿನಲ್ಲಿ. ಮೇಲಿನ ಹೆಸರು ಬದಲಿಸಿ ಅದನ್ನೇ ಇನ್ನೊಬ್ಬರಿಗೂ ಕಳಿಸಬಹುದು ಅನ್ನಿಸಿದರೆ ಇನ್ನೊಮ್ಮೆ ಬರೆಯಿರಿ.

ಮೊದಲು ತೀರ್ಮಾನವಾಗಬೇಕಾದದ್ದು ಮಾತಿನ ಮಟ್ಟ. ಕೊರಿಯನ್ನಿನಲ್ಲಿ ಗೌರವ ಕ್ರಿಯಾಪದದ ತುದಿಯಲ್ಲಿ ಕೂತಿರುತ್ತದೆ. ಪಠ್ಯಪುಸ್ತಕದ ಮೊದಲ ಪಾಠಗಳಲ್ಲಿ ಕಲಿಸುವ ‘-ಮ್ನಿದಾ’ ತುದಿ ವಾರ್ತೆ, ಸಂದರ್ಶನ, ಪ್ರಕಟಣೆಗಳಿಗೆ ಒಪ್ಪುತ್ತದೆ. ಚಾಟ್‌ನಲ್ಲಿ ಸಾಲು ಸಾಲಾಗಿ ಅದನ್ನೇ ಬಳಸಿದರೆ ಅರ್ಜಿ ಓದಿದಂತಾಗುತ್ತದೆ. ಸಲಿಗೆಯ ‘ಬನ್‌ಮಲ್’ ಇನ್ನೂ ಬೇಡ. ಪರಸ್ಪರ ಒಪ್ಪಿಗೆ ಇಲ್ಲದೆ ಅದನ್ನು ಶುರು ಮಾಡುವುದು ಒರಟುತನ. ಗೌರವವೂ ಉಳಿದು ಬಿಗುವೂ ಕಳೆಯುವಂಥದ್ದು ‘-ಯೊ’ ತುದಿ. ಹೆಸರು ಹೇಳುವಾಗಲೂ ‘ಜೆ ಇರುಮುನ್ ಕಾವ್ಯಾ ಇಮ್ನಿದಾ’ ಅನ್ನುವುದಕ್ಕಿಂತ ‘ಕಾವ್ಯಾರಾಗೊ ಹೆಯೊ’ ಸಹಜ.

ಎರಡನೆಯದು ‘ನೀವು’. ನಿಘಂಟು ಇದಕ್ಕೆ ‘ದಂಗ್‌ಶಿನ್’ ಎಂದು ಕೊಡುತ್ತದೆ. ಆದರೆ ಅಪರಿಚಿತರಿಗೆ ನೇರವಾಗಿ ಹಾಗೆ ಹೇಳಿದರೆ ಜಗಳಕ್ಕೆ ಬಂದಂತೆ ಕೇಳಬಹುದು, ಇಲ್ಲವೇ ಅನುವಾದ ಯಂತ್ರದ ಕೆಲಸವೆಂದು ಗೊತ್ತಾಗಿಬಿಡುತ್ತದೆ. ಅವರ ಅಡ್ಡಹೆಸರಿಗೆ ‘ನಿಮ್’ ಸೇರಿಸಿ ಒಮ್ಮೆ ಕರೆದರೆ ಸಾಕು. ಆಮೇಲೆ ಸರ್ವನಾಮವನ್ನೇ ಬಿಟ್ಟುಬಿಡಿ. ಕನ್ನಡಿಗರಿಗೆ ಇದು ಕಷ್ಟವಲ್ಲ. ‘ಯಾವಾಗ ಬಂದ್ರಿ?’ ಎಂದು ಕೇಳುವಾಗ ನಾವೂ ‘ನೀವು’ ಹೇಳುವುದಿಲ್ಲ.

ಇನ್ನು ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪ್ರೊಫೈಲ್‌ನಲ್ಲಿ ‘ಬಾದಾ’ ಎಂಬ ಅಡ್ಡಹೆಸರು, ಊರು ಬುಸಾನ್, ಇಂಗ್ಲಿಷ್ ಮಾತಾಡಿ ಅಭ್ಯಾಸ ಮಾಡಬೇಕೆಂಬ ಆಸೆ, ಜೊತೆಗೆ ಗುಮ್‌ಜೊಂಗ್‌ಸಾನ್ ಬೆಟ್ಟದ ಮೇಲೆ ತೆಗೆದ ಫೋಟೊ ಇದೆ ಎನ್ನಿ. ಬೆಂಗಳೂರಿನ ಕಾವ್ಯಾ ಹೀಗೆ ಬರೆಯಬಹುದು:

‘ಬಾದಾನಿಮ್, ಅನ್ಯೊಂಗ್‌ಹಾಸೆಯೊ! ಗುಮ್‌ಜೊಂಗ್‌ಸಾನ್ ಸಾಜಿನ್ ಬೊಗೊ ಮೆಸಿಜಿ ದುರ್ಯೊಯೊ. ಬೆಂಗಳೂರುಎ ಸಾನುನ್ ಕಾವ್ಯಾರಾಗೊ ಹೆಯೊ. ಜೊದೊ ಜುಮಾರೆ ಗಾಕ್ಕುಮ್ ಸಾನೆ ಗಾಗೊದುನ್ಯೊ. ಹೊಕ್‌ಶಿ ಬೊಮೊಸಾ ಜೊಗುರೊ ಒಲ್ಲಾಗಾಶೊಸ್ಸೊಯೊ? ಯೊಂಗೊನುನ್ ಜೆಗಾ ದೊವಾದುರಿಲ್‌ಗೆಯೊ.’

ಬೆಟ್ಟದ ಫೋಟೊ ನೋಡಿ ಬರೆಯುತ್ತಿದ್ದೇನೆ, ನಾನು ಬೆಂಗಳೂರಿನ ಕಾವ್ಯಾ, ವಾರದ ಕೊನೆಗೆ ನಾನೂ ಆಗಾಗ ಬೆಟ್ಟ ಹತ್ತುತ್ತೇನೆ, ಬೊಮೊಸಾ ಕಡೆಯಿಂದ ಹತ್ತಿದಿರಾ, ಇಂಗ್ಲಿಷಿಗೆ ನಾನು ನೆರವಾಗುತ್ತೇನೆ ಎಂದಷ್ಟೇ ಇದರ ಅರ್ಥ. ಬೊಮೊಸಾ ಆ ಬೆಟ್ಟದ ಮಗ್ಗುಲಲ್ಲಿರುವ ಹಳೆಯ ಬೌದ್ಧ ದೇವಾಲಯ. ಹತ್ತಿದವರು ‘ಹೌದು’ ಎಂದೋ ‘ಇಲ್ಲ, ಬೇರೆ ದಾರಿ’ ಎಂದೋ ಥಟ್ಟನೆ ಹೇಳಬಲ್ಲ ಪ್ರಶ್ನೆ ಅದು. ‘ಕೊರಿಯಾ ಹೇಗಿದೆ?’ ಎಂದು ಕೇಳಿದರೆ ಅವರು ಎಲ್ಲಿಂದ ಶುರು ಮಾಡಬೇಕು? ‘ಹೊಕ್‌ಶಿ’ ಪ್ರಶ್ನೆಯ ಮೊನಚನ್ನು ತಗ್ಗಿಸುತ್ತದೆ. ನಮ್ಮಲ್ಲಿ ‘ಏನಾದರೂ’ ಸೇರಿಸಿ ಕೇಳುವ ಹಾಗೆ. ‘ಗಾಗೊದುನ್ಯೊ’ದ ತುದಿಯಲ್ಲಿ, ‘ಅದಕ್ಕೇ ಕೇಳ್ತಿದ್ದೇನೆ’ ಎಂಬ ಧ್ವನಿ ಇದೆ. ಇಂಗ್ಲಿಷಿನ ಮಾತನ್ನು ಸೇರಿಸಿದ್ದಕ್ಕೂ ಕಾರಣವಿದೆ: ಇದು ಭಾಷೆಗೆ ಭಾಷೆ ಕೊಡುವ ವ್ಯವಹಾರ, ತನಗೇನು ಸಿಗುತ್ತದೆ ಎಂಬುದು ಅವರಿಗೂ ತಿಳಿಯಬೇಕು.

ನಿಮ್ಮ ಕಲಿಕೆ ಇಷ್ಟು ಮುಂದೆ ಹೋಗಿಲ್ಲದಿದ್ದರೆ ಎರಡೇ ವಾಕ್ಯ ಬರೆಯಿರಿ. ಬೇರೆಯವರಿಂದ ತಿದ್ದಿಸಿ ಕಳಿಸಿದ ಅಚ್ಚುಕಟ್ಟಾದ ಸಂದೇಶಕ್ಕೆ ಅದೇ ಮಟ್ಟದ ಉತ್ತರ ಬರುತ್ತದೆ, ಆಗ ಓದಲಾಗದೆ ಒದ್ದಾಡಬೇಕಾಗುತ್ತದೆ.

ಮೊದಲ ದಿನವೇ ರೂಪದ ಹೊಗಳಿಕೆ ಬೇಡ, ಕಕಾವೊಟಾಕ್ ಐಡಿ ಕೇಳುವುದೂ ಬೇಡ. ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಇದರಿಂದ ಅನುಮಾನ ಬರುತ್ತದೆ, ಆ ಅನುಮಾನ ನ್ಯಾಯವಾದದ್ದೇ. ಗಡಿಯಾರವನ್ನೂ ಒಮ್ಮೆ ನೋಡಿ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನೀವು ರಾತ್ರಿ 9ಕ್ಕೆ ಕಳಿಸಿದರೆ ಅಲ್ಲಿ 12.30 ಆಗಿರುತ್ತದೆ. ಸಂಜೆ 5ರ ಹೊತ್ತಿಗೆ ಕಳಿಸಿ, ಆಗ ಅಲ್ಲಿ ರಾತ್ರಿ 8.30.