ಮಲಗುವ ಮುನ್ನ ಒಂದು ಮಾತ್ರೆ

ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳಿಗೆ ವರ್ಷದಲ್ಲಿ ನಾಲ್ಕನೇ ಸಲ ಉರಿಮೂತ್ರ ಎಂದುಕೊಳ್ಳಿ. ಪ್ರತಿಸಲವೂ ಐದು ದಿನ ಮಾತ್ರೆ, ಎರಡು ತಿಂಗಳು ನೆಮ್ಮದಿ, ಮತ್ತೆ ಅದೇ ಉರಿ. ಸಾಕಷ್ಟು ನೀರು ಕುಡಿದರೂ, ಮೂತ್ರ ತಡೆಹಿಡಿಯದಿದ್ದರೂ ಸೋಂಕು ಹೀಗೆ ಮರುಕಳಿಸುತ್ತಿದ್ದರೆ ವೈದ್ಯರು ಕೆಲವೊಮ್ಮೆ ಬೇರೊಂದು ದಾರಿ ಹಿಡಿಯುತ್ತಾರೆ. ಅದು ಅಲ್ಪ ಪ್ರಮಾಣದ ಆಂಟಿಬಯೊಟಿಕ್ ಅನ್ನು ತಿಂಗಳುಗಟ್ಟಲೆ ಕೊಡುವುದು.

ಮೊದಲು ಈಗಿನ ಸೋಂಕು ಪೂರ್ತಿ ಹೋಗಿರಬೇಕು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಬೆಳೆಯದಿದ್ದರೆ ಮಾತ್ರ ಮುಂದಿನ ಹೆಜ್ಜೆ. ನೈಟ್ರೊಫ್ಯುರಾಂಟಾಯಿನ್ ಎಂಬ ಔಷಧವನ್ನೇ ನೋಡಿ. ಸೋಂಕಿದ್ದಾಗ ಸಾಮಾನ್ಯವಾಗಿ ದಿನಕ್ಕೆ 200 ಮಿಲಿಗ್ರಾಂ ಬೇಕು. ತಡೆಯಲು ರಾತ್ರಿ 50 ಸಾಕು.

ರಾತ್ರಿಯೇ ಏಕೆ? ಹಗಲು ಆಗಾಗ ಮೂತ್ರದೊಂದಿಗೆ ರೋಗಾಣುಗಳೂ ಹೊರಬೀಳುತ್ತವೆ. ನಿದ್ದೆಯಲ್ಲಿ ಮೂತ್ರ ಆರೇಳು ಗಂಟೆ ಒಳಗೇ ನಿಂತು ಅವು ಬೆಳೆಯಲು ಅವಕಾಶ ಸಿಗುತ್ತದೆ. ಮೂತ್ರ ಮಾಡಿಬಂದು, ಒಂದಿಷ್ಟು ಆಹಾರದೊಂದಿಗೆ ಮಾತ್ರೆ ನುಂಗಿದರೆ ಔಷಧ ರಾತ್ರಿಯಿಡೀ ಮೂತ್ರಕೋಶದಲ್ಲೇ ಕಾವಲಿರುತ್ತದೆ.

ಕಾವಲು ಮಾತ್ರೆ ಇರುವಷ್ಟು ದಿನ ಮಾತ್ರ. ನಿಲ್ಲಿಸಿದ ಮೇಲೆ ಹಲವರಿಗೆ ಸೋಂಕು ಮರಳುತ್ತದೆ. ಹಾಗೆಂದು ವರ್ಷಗಟ್ಟಲೆ ಮುಂದುವರಿಸುವಂತೆಯೂ ಇಲ್ಲ. ಮೂರರಿಂದ ಆರು ತಿಂಗಳಿಗೆ ವೈದ್ಯರು ಮತ್ತೆ ಲೆಕ್ಕ ಹಾಕುತ್ತಾರೆ. ನಡುವೆ ಒಣಕೆಮ್ಮು, ಏದುಸಿರು, ಪಾದ ಜೋಮು ಹಿಡಿಯುವುದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. (ಪರೀಕ್ಷೆಯ ಆತಂಕವೆಂದು ಅಮ್ಮಂದಿರು ತಳ್ಳಿಹಾಕಬಾರದು.) ಮಾತ್ರೆ ನುಂಗುತ್ತಿರುವಾಗಲೇ ಉರಿ ಮರಳಿದರೆ, ಆ ಔಷಧಕ್ಕೆ ಬಗ್ಗದ ರೋಗಾಣು ಬಂದಿರಬಹುದು. ಆಗ ಪ್ರಮಾಣವನ್ನು ತಾವೇ ಹೆಚ್ಚಿಸಿಕೊಳ್ಳದೆ ಮತ್ತೆ ಕಲ್ಚರ್ ಮಾಡಿಸಬೇಕು.