ದಾಕ್ಷಿಣ್ಯವಿಲ್ಲದ ಅಂಕ

‘ನಮಸ್ಕಾರ ಸಾರ್. ಗಣಿತದ ಮೂರು ಪತ್ರಿಕೆ ಬಿಡಿಸಿ ಇದರ ಜೊತೆ ಇಟ್ಟಿದ್ದೇನೆ. ನಾನೇ ತಿದ್ದಿಕೊಂಡಾಗ ಮೊದಲನೇದಕ್ಕೆ 53 ಬಂತು. ನಂಬಿಕೆ ಬರ್ತಿಲ್ಲ. ಮೂರು ಗಂಟೆ ಆಗೋವರೆಗೆ ಕಪ್ಪು ಪೆನ್ನು, ಆಮೇಲೆ ಬರೆದದ್ದು ನೀಲಿ ಪೆನ್ನು. ದಾಕ್ಷಿಣ್ಯ ಮಾಡ್ಕೋಬೇಡಿ, ನಿಜವಾಗಿ ಎಷ್ಟು ಬರುತ್ತೆ ಹೇಳಿ.’

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತ, ಈಗ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಲು ಹೊರಟ ಒಬ್ಬ ಮಹಿಳೆ, ನಿವೃತ್ತ ಗಣಿತ ಮೇಷ್ಟ್ರೊಬ್ಬರಿಗೆ ಬರೆದ ಚೀಟಿ ಇದು. ಶಾಲೆಯ ಮಕ್ಕಳಿಗೆ ವರ್ಷವಿಡೀ ಕಿರುಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ ಎಂದು ಯಾರಾದರೂ ತಿದ್ದುತ್ತಲೇ ಇರುತ್ತಾರೆ. ಮನೆಯಲ್ಲೇ ಕೂತು ಓದುವವರಿಗೆ ತಾವೆಲ್ಲಿದ್ದೇವೆ ಎಂದು ತಿಳಿಯುವ ದಾರಿ ಇಂಥ ಚೀಟಿಯೊಂದೇ. ‘ಚೆನ್ನಾಗಿ ಬರೆದಿದ್ದೀಯಮ್ಮ, ಪಾಸಾಗ್ತೀಯ’ ಎಂಬ ಉತ್ತರ ಅವರಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಹಾಗಾದರೆ ಅಂದಾಜು ಕಟ್ಟುವುದು ಹೇಗೆ?

ಮೇಷ್ಟ್ರು ಮೊದಲು ನೋಡಿದ್ದು ಉತ್ತರಗಳನ್ನಲ್ಲ, ಪತ್ರಿಕೆಗಳನ್ನು. ಮೂರರಲ್ಲಿ ಒಂದನ್ನು ಅವರು ತಕ್ಷಣ ಪಕ್ಕಕ್ಕಿಟ್ಟರು. ಅದು ಆಕೆ ಬಳಸುತ್ತಿದ್ದ ಗೈಡಿನಲ್ಲಿ ಉತ್ತರ ಸಮೇತ ಅಚ್ಚಾಗಿದ್ದ ಪತ್ರಿಕೆ. ಒಮ್ಮೆ ಉತ್ತರ ಓದಿದ ಪತ್ರಿಕೆಯನ್ನು ಮತ್ತೆ ಬಿಡಿಸಿದರೆ ಅಭ್ಯಾಸವಾಗುತ್ತದೆ, ನಿಜ. ಆದರೆ ಅದಕ್ಕೆ ಬಂದ ಅಂಕ ಪರೀಕ್ಷೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಉಳಿದ ಎರಡು, ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಿಂದ ಇಳಿಸಿಕೊಂಡ 80 ಅಂಕದ ಮಾದರಿ ಪತ್ರಿಕೆಗಳು. ಒಟ್ಟು 38 ಪ್ರಶ್ನೆ: ಒಂದೊಂದು ಅಂಕದವು 16, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಕೊನೆಗೆ ಐದಂಕದ್ದು ಒಂದು. ಓದಿಕೊಳ್ಳಲು 15 ನಿಮಿಷ ಸೇರಿ ಮೂರೂಕಾಲು ಗಂಟೆ.

ಇಲ್ಲೇ ಒಂದು ಎಚ್ಚರ ಬೇಕು. ಈ 80 ಅಂಕದ ಪತ್ರಿಕೆ ಶಾಲೆಯಲ್ಲಿ ಓದುವ ಮಕ್ಕಳ ಲೆಕ್ಕಕ್ಕೆ ಹೊಂದಿದ್ದು. ಅವರಿಗೆ ಆಂತರಿಕ ಮೌಲ್ಯಮಾಪನದ 20 ಅಂಕ ಬೇರೆ ಇರುತ್ತದೆ. ಪಕ್ಕದ ಮನೆಯ ಹುಡುಗಿ ಬರವಣಿಗೆಯಲ್ಲಿ 35 ತೆಗೆದು, ಶಾಲೆಯಿಂದ ಬಂದ 18ನ್ನು ಸೇರಿಸಿ 53 ಎಂದುಕೊಳ್ಳಬಹುದು. ಹೊಸದಾಗಿ ಖಾಸಗಿಯಾಗಿ ಕಟ್ಟುವವರಿಗೆ ಹಾಗೆ ಕೂಡಿಸಿಕೊಳ್ಳಲು ಏನೂ ಇಲ್ಲ. ಎಲ್ಲವೂ ಬರವಣಿಗೆಯಿಂದಲೇ ಬರಬೇಕು. ಆದ್ದರಿಂದ ತಮ್ಮ ವರ್ಗದ ಅಭ್ಯರ್ಥಿಗಳಿಗೆ ಆ ವರ್ಷ ಯಾವ ಮಾದರಿಯ ಪತ್ರಿಕೆ, ಉತ್ತೀರ್ಣಕ್ಕೆ ಎಷ್ಟು ಅಂಕ ಎಂಬುದನ್ನು ಮಂಡಳಿಯ ಸುತ್ತೋಲೆಯಲ್ಲೇ ನೋಡಿಕೊಳ್ಳಬೇಕು.

ಮೇಷ್ಟ್ರು ತಿದ್ದಲು ಕೂತರು. ಆಕೆ ತನಗೆ ತಾನೇ ಅಂಕ ಕೊಟ್ಟುಕೊಂಡ ರೀತಿ ಮೊದಲ ಹಾಳೆಯಲ್ಲೇ ಗೊತ್ತಾಯಿತು. ಕೊನೆಯ ಉತ್ತರ ಸರಿಯಿದ್ದರೆ ಪೂರ್ತಿ ಅಂಕ, ತಪ್ಪಿದ್ದರೆ ಸೊನ್ನೆ. ಒಬ್ಬರೇ ಓದುವವರೆಲ್ಲ ಹೆಚ್ಚುಕಡಿಮೆ ಹೀಗೇ ತಿದ್ದಿಕೊಳ್ಳುತ್ತಾರೆ. ಮೌಲ್ಯಮಾಪನ ಕೇಂದ್ರದಲ್ಲಿ ನಡೆಯುವುದು ಬೇರೆ. ಅಲ್ಲಿ ಗಣಿತಕ್ಕೆ ಹಂತಹಂತವಾಗಿ ಅಂಕ ಬೀಳುತ್ತದೆ. ಮಂಡಳಿಯ ಮಾದರಿ ಉತ್ತರಗಳನ್ನು ತೆಗೆದು ನೋಡಿದರೆ ಬಲಬದಿಯಲ್ಲಿ ಸಾಲಾಗಿ ‘½’, ‘½’ ಎಂದು ಅಚ್ಚಾಗಿರುವುದು ಕಾಣುತ್ತದೆ. ಯಾವ ಸಾಲಿಗೆ ಅರ್ಧ ಅಂಕ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

ಎರಡಂಕದ ಒಂದು ಪ್ರಶ್ನೆ: 2x² − 7x + 3 = 0 ಎಂಬ ವರ್ಗ ಸಮೀಕರಣವನ್ನು ಸೂತ್ರದಿಂದ ಬಿಡಿಸಬೇಕು. ಇಲ್ಲಿ a = 2, b = −7, c = 3. ಆಕೆ ಸೂತ್ರವನ್ನು ಸರಿಯಾಗಿ ಬರೆದಿದ್ದರು. ವರ್ಗಮೂಲದೊಳಗೆ 49 − 24 = 25 ಎಂದೂ ಸರಿಯಾಗಿಯೇ ತೆಗೆದಿದ್ದರು. ಆದರೆ −b ಎಂಬಲ್ಲಿ b ಯೇ ಋಣಸಂಖ್ಯೆ ಎಂಬುದು ಮರೆತು, +7 ಆಗಬೇಕಾದ ಕಡೆ −7 ಇಟ್ಟರು. ಸರಿಯಾದ ಸಾಲು ಹೀಗೆ:

x = (7 ± 5) / 4, ಅಂದರೆ x = 3 ಅಥವಾ x = 1/2

ಆಕೆಗೆ ಬಂದದ್ದು −1/2 ಮತ್ತು −3. ತನಗೆ ಸೊನ್ನೆ ಹಾಕಿಕೊಂಡಿದ್ದರು. ಸೂತ್ರಕ್ಕೆ ಅರ್ಧ, ಬೆಲೆ ಆದೇಶಿಸಿದ್ದಕ್ಕೆ ಅರ್ಧ, ಸುಲಭೀಕರಿಸಿದ್ದಕ್ಕೆ ಅರ್ಧ, ಉತ್ತರಕ್ಕೆ ಅರ್ಧ ಎಂದು ಹಂಚಿದರೆ, ಬಿಗಿಯಾಗಿ ತಿದ್ದುವವರು ಸೂತ್ರಕ್ಕೆ ಮಾತ್ರ ಅರ್ಧ ಕೊಡುತ್ತಾರೆ, ವರ್ಗಮೂಲದ ಕೆಲಸವನ್ನು ಗಮನಿಸುವವರು ಒಂದು ಕೊಡುತ್ತಾರೆ. ಮೇಷ್ಟ್ರು ಅಂಚಿನಲ್ಲಿ ‘½–1’ ಎಂದು ಎರಡನ್ನೂ ಬರೆದರು. ಪ್ರಾಮಾಣಿಕ ಅಂದಾಜು ಶುರುವಾಗುವುದೇ ಹೀಗೆ. ಅದು ಒಂದು ಸಂಖ್ಯೆಯಲ್ಲ, ಕೆಳಗಿನ ಮತ್ತು ಮೇಲಿನ ಎರಡು ಸಂಖ್ಯೆ.

ಸರಾಸರಿ ಕಂಡುಹಿಡಿಯುವ ಮೂರಂಕದ ಲೆಕ್ಕದಲ್ಲೂ ಹೀಗೇ ಆಗಿತ್ತು. ವರ್ಗಾಂತರಗಳ ಮಧ್ಯಬಿಂದು 10, 20, 30, 40, 50. ಆವೃತ್ತಿ 4, 3, 6, 5, 2. ಗುಣಿಸಿದರೆ 40, 60, 180, 200, 100, ಒಟ್ಟು 580; ಅದನ್ನು 20ರಿಂದ ಭಾಗಿಸಿದರೆ 29. ಆಕೆ ಆರು ಮೂವತ್ತಲ ನೂರರವತ್ತು ಎಂದು ಬರೆದು 28 ತಂದಿದ್ದರು. ಕೋಷ್ಟಕ ಇದೆ, ಸೂತ್ರ ಇದೆ, ವಿಧಾನದಲ್ಲಿ ಒಂದು ತಪ್ಪೂ ಇಲ್ಲ. ಇದಕ್ಕೆ ಎರಡಾದರೂ ಬರುತ್ತದೆ. ಆಕೆ ಕೊಟ್ಟುಕೊಂಡದ್ದು ಸೊನ್ನೆ.

ಹೀಗೆ ಅಲ್ಲಲ್ಲಿ ಕಳೆದುಕೊಂಡೂ 53 ಹೇಗೆ ಬಂತು? ಉಳಿದ ಕಡೆ ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟುಕೊಂಡಿದ್ದರು. ಹಲವು ಎರಡಂಕದ ಲೆಕ್ಕಗಳನ್ನು ಪಕ್ಕದ ಚಿತ್ತು ಹಾಳೆಯಲ್ಲಿ ಬಿಡಿಸಿ, ಉತ್ತರ ಪತ್ರಿಕೆಯಲ್ಲಿ ಕೊನೆಯ ಸಾಲನ್ನಷ್ಟೇ ಬರೆದಿದ್ದರು. ಚಿತ್ತು ಹಾಳೆ ಮೌಲ್ಯಮಾಪಕರ ಕಣ್ಣಿಗೆ ಬೀಳುವುದಿಲ್ಲ. ಬರೆಯದ ಹಂತಕ್ಕೆ ಅಂಕವಿಲ್ಲ.

ದೊಡ್ಡ ನಷ್ಟ ಪ್ರಮೇಯದಲ್ಲಿ ಕಂಡಿತು. ಪ್ರಶ್ನೆ ಥೇಲ್ಸ್‌ನ ಪ್ರಮೇಯ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎಂದು ಸಾಧಿಸಬೇಕು. ನಾಲ್ಕಂಕ. ಆಕೆ ಬಾಯಿಪಾಠ ಮಾಡಿ ಪುಟ ತುಂಬ ಬರೆದಿದ್ದರು, ಪೂರ್ತಿ ನಾಲ್ಕು ಹಾಕಿಕೊಂಡಿದ್ದರು. ಮೇಷ್ಟ್ರು ಚಿತ್ರದಿಂದ ಶುರುಮಾಡಿದರು. ABC ತ್ರಿಭುಜ ಇದೆ, BC ಗೆ ಸಮಾಂತರವಾದ DE ಇದೆ. ಆದರೆ ರಚನೆ ಎಂದು ಬರೆದ ಸಾಲಿನಲ್ಲಿ BE ಮತ್ತು CD ಸೇರಿಸಿದೆ, ಎರಡು ಲಂಬ ಎಳೆದಿದೆ ಎಂದಿದೆ. ಚಿತ್ರದಲ್ಲಿ ಅವು ಯಾವುವೂ ಇಲ್ಲ. ಮುಂದೆ ADE ಮತ್ತು BDE ತ್ರಿಭುಜಗಳ ವಿಸ್ತೀರ್ಣದ ಅನುಪಾತ AD/DB ಎಂದೂ, ADE ಮತ್ತು DEC ಗಳದ್ದು AE/EC ಎಂದೂ ತೋರಿಸಿದ್ದಾರೆ. ಅಲ್ಲಿಂದ ನೇರವಾಗಿ AD/DB = AE/EC ಎಂದು ಮುಗಿಸಿಬಿಟ್ಟಿದ್ದಾರೆ.

ಇಡೀ ಪ್ರಮೇಯ ನಿಂತಿರುವ ಸಾಲೇ ಇಲ್ಲ. BDE ಮತ್ತು DEC ತ್ರಿಭುಜಗಳು ಒಂದೇ ಪಾದ DE ಮೇಲೆ, DE ಮತ್ತು BC ಎಂಬ ಸಮಾಂತರ ರೇಖೆಗಳ ನಡುವೆ ಇವೆ. ಆದ್ದರಿಂದ ಅವುಗಳ ವಿಸ್ತೀರ್ಣ ಸಮ. ಆ ಕಾರಣ ಹೇಳದೆ ಎರಡು ಅನುಪಾತಗಳು ಸಮ ಎನ್ನಲು ಬರುವುದಿಲ್ಲ. DE ಸಮಾಂತರ ಎಂದು ಪ್ರಶ್ನೆಯಲ್ಲಿ ಕೊಟ್ಟಿರುವುದೇ ಈ ಸಾಲಿಗಾಗಿ. ಉರುಹೊಡೆದವರು ಬಿಡುವುದೂ ಸಾಮಾನ್ಯವಾಗಿ ಇದನ್ನೇ, ಯಾಕೆಂದರೆ ಅದರಲ್ಲಿ ಭಿನ್ನರಾಶಿ ಇಲ್ಲ, ಬರೀ ಮಾತು. ದತ್ತ, ಸಾಧನೀಯಕ್ಕೆ ಅರ್ಧರ್ಧ, ಸಾಧನೆಗೆ ಒಂದಿಷ್ಟು ಸೇರಿಸಿ ಮೇಷ್ಟ್ರು ಹಾಕಿದ್ದು ಎರಡರಿಂದ ಎರಡೂವರೆ.

ಇನ್ನು ಪೆನ್ನಿನ ಬಣ್ಣ. ಅಂದಾಜನ್ನು ನಿಜವಾಗಿ ಉಪಯುಕ್ತ ಮಾಡಿದ್ದು ಇದು. ಮೂರು ಗಂಟೆ ಮುಗಿದಾಗ ಆಕೆ 33ನೇ ಪ್ರಶ್ನೆಯಲ್ಲಿದ್ದರು. ನಾಲ್ಕಂಕದವೆಲ್ಲ ನೀಲಿಯಲ್ಲಿವೆ, ಐದಂಕದ್ದನ್ನು ಮುಟ್ಟಿಲ್ಲ. ಮೇಷ್ಟ್ರು ಎರಡು ಬಣ್ಣವನ್ನು ಬೇರೆಬೇರೆ ಕೂಡಿಸಿದರು. ಕಪ್ಪು ಶಾಯಿಯ ಬರಹಕ್ಕೆ 35ರಿಂದ 38. ನೀಲಿಯನ್ನೂ ಸೇರಿಸಿದರೆ 42ರಿಂದ 46. ಮೊದಲನೆಯದು ಇವತ್ತೇ ಪರೀಕ್ಷೆ ಇದ್ದರೆ ಬರುವ ಅಂಕ. ಎರಡನೆಯದು ಆಕೆಗೆ ಗೊತ್ತಿರುವ ಗಣಿತದ ಅಂಕ. ಕಳೆದುಹೋಗುತ್ತಿರುವ ಏಳೆಂಟು ಅಂಕಕ್ಕೆ ಹೊಸ ಪಾಠ ಬೇಕಿಲ್ಲ, ಗಡಿಯಾರ ಬೇಕು. ಸಮಯ ಬರೆಯದೆ ಕಳಿಸಿದ್ದರೆ ಈ ಎರಡನ್ನು ಬೇರ್ಪಡಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಎರಡನೇ ಪತ್ರಿಕೆಯಲ್ಲೂ ಕಪ್ಪು ಶಾಯಿಯ ಲೆಕ್ಕ ಇದರ ಆಸುಪಾಸಿನಲ್ಲೇ ನಿಂತಿತು. ಒಂದೇ ಪತ್ರಿಕೆ ನೋಡಿ ಅಂಕ ಹೇಳಿದರೆ, ಅದರಲ್ಲಿ ಕೇಳಿದ ಪಾಠಗಳೇ ಅಭ್ಯರ್ಥಿಗೆ ಚೆನ್ನಾಗಿ ಬರುತ್ತಿದ್ದವೋ ಏನೋ ಎಂಬ ಅನುಮಾನ ಉಳಿಯುತ್ತದೆ. ಎರಡೂ ಹತ್ತಿರ ಬಂದರೆ ಮಾತಿಗೆ ತೂಕ. ಹಾಗಿದ್ದೂ ಇದು ಮನೆಯ ಮೇಜಿನ ಮೇಲೆ ಬರೆದ ಅಂಕ. ಪರೀಕ್ಷಾ ಕೊಠಡಿಯ ಗಾಬರಿ, ಪತ್ರಿಕೆಯ ಕಷ್ಟಸುಲಭ, ತಿದ್ದುವವರ ಕೈ ಇವು ಮೂರೂ ಅಂದಾಜಿನ ಹೊರಗೇ ಇರುತ್ತವೆ.

ಮೇಷ್ಟ್ರ ಉತ್ತರ ಅರ್ಧ ಹಾಳೆಯದು. ‘ನೋಡಮ್ಮ, 53 ಅಲ್ಲ. ಈಗಿನ ವೇಗದಲ್ಲಿ 80ಕ್ಕೆ 35ರಿಂದ 38. ಅದಕ್ಕೆ 20 ಕೂಡಿಸಬೇಡ, ನಿನಗೆ ಅದಿಲ್ಲ. ಮುಂದಿನ ಪತ್ರಿಕೇಲಿ ಒಂದಂಕದವು ಮುಗಿದ ಕೂಡಲೇ ನಕ್ಷೆಯ ಲೆಕ್ಕಕ್ಕೆ ಹೋಗು, ಅದು ನಿನಗೆ ಬರುತ್ತೆ. ಆಮೇಲೆ ಪ್ರಮೇಯ, ಆಮೇಲೆ ಉಳಿದದ್ದು. ಚಿತ್ತು ಕೆಲಸ ಪತ್ರಿಕೆಯ ಒಳಗೇ ಮಾಡು. b ಋಣ ಇದ್ದಾಗ −b ಯನ್ನು ಬೇರೆ ಸಾಲಲ್ಲಿ ಬರಿ.’ ಜೊತೆಗೆ ಪ್ರಶ್ನೆವಾರು ಅಂಕದ ಪಟ್ಟಿ.

ನಕ್ಷೆಯನ್ನು ಮೊದಲು ಮಾಡು ಎಂದದ್ದಕ್ಕೆ ಕಾರಣವಿದೆ. x + y = 5, x − y = 1 ಎಂಬಂಥ ಜೋಡಿ ಸಮೀಕರಣಕ್ಕೆ ಸಾಮಾನ್ಯವಾಗಿ ಎರಡು ಕೋಷ್ಟಕಕ್ಕೆ ಎರಡಂಕ, ರೇಖೆ ಎಳೆದು (3, 2) ಎಂಬ ಛೇದನ ಬಿಂದು ಗುರುತಿಸಿದ್ದಕ್ಕೆ ಎರಡಂಕ. ಅಭ್ಯಾಸವಿದ್ದವರು ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಸುತ್ತಾರೆ. ಅಷ್ಟೇ ಹೊತ್ತಿನಲ್ಲಿ ಗೊತ್ತಿಲ್ಲದ ಮೂರಂಕದ ಲೆಕ್ಕದ ಜೊತೆ ಗುದ್ದಾಡಿದರೆ ಒಂದಂಕವೂ ಹುಟ್ಟದಿರಬಹುದು.

2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಹಾಗಾಗಿ ಒಂದನೇ ಪರೀಕ್ಷೆಗೆ ಎಲ್ಲ ವಿಷಯಗಳ ಜೊತೆ ಗಣಿತದ ಮೇಲೆ ಎಷ್ಟು ಹೊತ್ತು ಹಾಕಬೇಕು, ಎಡವಿದರೆ ಮುಂದಿನದಕ್ಕೆ ಏನನ್ನು ಉಳಿಸಿಕೊಳ್ಳಬೇಕು ಎಂದು ಯೋಚಿಸಲು ಕೆಲಸದ ಜೊತೆ ಓದುವವರಿಗೆ ಇಂಥ ಅಂದಾಜೇ ಆಧಾರ.

ನಿವೃತ್ತ ಶಿಕ್ಷಕರಿರಲಿ, ಗಣಿತ ಬಲ್ಲ ಕಾಲೇಜು ವಿದ್ಯಾರ್ಥಿಯೇ ಇರಲಿ, ಇಂಥ ಚೀಟಿ ಕೈಗೆ ಬಂದರೆ ದಯವಿಟ್ಟು ಮಂಡಳಿಯ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು, ಅರ್ಧರ್ಧ ಅಂಕ ಎಣಿಸಿ ತಿದ್ದಿ. ಪ್ರತಿ ಪ್ರಶ್ನೆಯ ಮುಂದೆ ಕೊಟ್ಟದ್ದೆಷ್ಟು, ಕಡಿತವಾದದ್ದು ಯಾವ ಸಾಲಿಗೆ ಎಂದು ಬರೆದು, ಅವರು ಮುಂದಿನ ಪತ್ರಿಕೆಗೆ ಕೂರುವ ಮೊದಲೇ ಹಿಂದಿರುಗಿಸಿ.